ಹೆಬ್ಬೆಟ್ಟು ಒಲ್ಲೆ ಎಂದವರ ಒಪ್ಪಿಗೆ

ಕೊಪ್ಪಳ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ನಡೆದ ಹೆಂಗಸರ ರಕ್ತಹೀನತೆಯ ಸಮೀಕ್ಷೆಗೆ ನಾನು ಮೇಲ್ವಿಚಾರಕಿಯಾಗಿದ್ದೆ. ಆಯ್ಕೆಯಾದ ಮನೆಗೆ ಹೋಗುವುದು, ಊಟ, ಹೆರಿಗೆ, ಮುಟ್ಟಿನ ಬಗ್ಗೆ ಪ್ರಶ್ನೆ ಕೇಳುವುದು, ಬೆರಳ ತುದಿಗೆ ಚುಚ್ಚಿ ಹಿಮೋಗ್ಲೋಬಿನ್ ನೋಡುವುದು, ಇಷ್ಟೇ ಕೆಲಸ. ಮೊದಲ ದಿನ ಮೂರನೆಯ ಮನೆಯಲ್ಲೇ ಅದು ನಿಂತಿತು. ಮನೆಯಾಕೆ ಚುಚ್ಚಿಸಿಕೊಳ್ಳಲು ಬೆರಳು ಚಾಚಿ ಕುಳಿತಿದ್ದವಳು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು ತಂದಿದ್ದ ಇಂಕ್ ಪ್ಯಾಡ್ ಕಂಡೊಡನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ರಕ್ತ ಬೇಕಾದರೆ ತೆಗೆದುಕೊಳ್ಳಿ, ಹೆಬ್ಬೆಟ್ಟು ಮಾತ್ರ ಕೇಳಬೇಡಿ” ಎಂದಳು. ಮಾವ ಒಮ್ಮೆ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರಿಂದ ಮನೆಯ ಹೊಲ ಹೋಗಿತ್ತಂತೆ.

ಇಂಥವರಿಗೆ ದಾರಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ, ಓದು ಬಾರದವರ ಒಪ್ಪಿಗೆ ಪಡೆಯುವಾಗ ಓದುಬಲ್ಲ, ತಂಡಕ್ಕೆ ಸೇರದ, ಯಾರ ಪಕ್ಷವೂ ಅಲ್ಲದ ಸಾಕ್ಷಿಯೊಬ್ಬರು ಜೊತೆಯಲ್ಲಿರಬೇಕು. ಭಾಗವಹಿಸಲು ಮನಸ್ಸಿದ್ದು ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಲು ಒಲ್ಲದವರಿಂದ, ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಇದ್ದರೆ, ಬಾಯಿಮಾತಿನ ಒಪ್ಪಿಗೆ ಪಡೆಯಬಹುದು. ಆಗ ಸಾಕ್ಷಿ ಸಹಿ ಮಾಡಿ ದಿನಾಂಕ ಹಾಕುತ್ತಾರೆ. ಸಮಿತಿಗೆ ಕೊಟ್ಟ ನಮ್ಮ ಮೂಲ ಅರ್ಜಿಯಲ್ಲಿ ಹೆಬ್ಬೆಟ್ಟು ಮಾತ್ರ ಇತ್ತು. ಹಾಗಾಗಿ ಕೆಲಸ ನಿಲ್ಲಿಸಿ ತಿದ್ದುಪಡಿ ಕಳುಹಿಸಿದೆವು, ಒಪ್ಪಿಗೆ ಬರುವವರೆಗೆ ಕಾದೆವು. ಆ ಬಿಡುವಿನಲ್ಲಿ ನಾನು ಓದಿ ಹೇಳುವ ಪಠ್ಯವನ್ನು ಮತ್ತೆ ಬರೆದೆ.

ಮೊದಲಿನ ಪಠ್ಯ ಮಾಹಿತಿ ಪತ್ರದ ಭಾಷೆಯಲ್ಲಿಯೇ ಇತ್ತು. “ಯಾದೃಚ್ಛಿಕವಾಗಿ ಆಯ್ಕೆಯಾದ ಕುಟುಂಬಗಳು”, “ಗೌಪ್ಯತೆಯನ್ನು ಕಾಪಾಡಲಾಗುವುದು”. ಕಣ್ಣಿಗೆ ಸರಿ, ಕಿವಿಗೆ ಏನೂ ಅಲ್ಲ. ಕಿವಿಯಿಂದ ಕೇಳುವವರು ಹಿಂದಿನ ಸಾಲಿಗೆ ಮರಳಿ ಹೋಗಲಾರರು. ಒಂದು ವಾಕ್ಯಕ್ಕೆ ಒಂದೇ ಸಂಗತಿ ಎಂದು ಇಟ್ಟುಕೊಂಡು ಬರೆದದ್ದು ಹೀಗಾಯಿತು:

“ಅವ್ವಾ, ನಾವು ಸರ್ಕಾರದ ಯೋಜನೆಯವರಲ್ಲ. ಔಷಧ ಕೊಡಲು ಬಂದಿಲ್ಲ. ಹೆಂಗಸರ ಮೈಯಲ್ಲಿ ರಕ್ತ ಎಷ್ಟು ಕಡಿಮೆಯಾಗಿದೆ ಎಂದು ತಿಳಿಯಲು ಬಂದಿದ್ದೇವೆ. ಊರಿನ ಮನೆಗಳನ್ನೆಲ್ಲ ಬರೆದು ಚೀಟಿ ಎತ್ತಿದ ಹಾಗೆ ಆರಿಸಿದೆವು, ನಿಮ್ಮ ಮನೆ ಬಂದಿದೆ. ಬೆರಳ ತುದಿಗೆ ಚುಚ್ಚುತ್ತೇವೆ, ಸ್ವಲ್ಪ ನೋಯುತ್ತದೆ. ಒಂದು ಹನಿ ರಕ್ತ ತೆಗೆಯುತ್ತೇವೆ. ನೀವು ಬೇಡ ಎನ್ನಬಹುದು. ನಡುವೆಯೂ ಸಾಕು ಎನ್ನಬಹುದು. ಬೇಡ ಎಂದರೆ ನಿಮ್ಮ ರೇಷನ್, ಪಿಂಚಣಿ, ಆಸ್ಪತ್ರೆ ಯಾವುದೂ ನಿಲ್ಲುವುದಿಲ್ಲ.”

ರೇಷನ್ ಮತ್ತು ಪಿಂಚಣಿಯ ಹೆಸರು ಹೇಳಲೇಬೇಕು. “ಯಾವ ಸೌಲಭ್ಯಕ್ಕೂ ತೊಂದರೆಯಿಲ್ಲ” ಎಂದರೆ ಯಾರ ಮನಸ್ಸಿಗೂ ಏನೂ ಹೊಳೆಯುವುದಿಲ್ಲ.

ಆ ಪಠ್ಯದಲ್ಲೂ ಒಂದು ಸುಳ್ಳು ಉಳಿದಿತ್ತು. “ಒಂದು ಹನಿ ರಕ್ತ” ಎಂದು ಬರೆದಿದ್ದೆ. ಚುಚ್ಚಿದ ಮೇಲೆ ಮೊದಲ ಎರಡು ಹನಿಗಳನ್ನು ಹತ್ತಿಯಿಂದ ಒರೆಸಿ ಹಾಕಿ, ಮೂರನೆಯದನ್ನು ಯಂತ್ರದ ಪುಟ್ಟ ಪ್ಲಾಸ್ಟಿಕ್ ತುಂಡಿಗೆ ಹೀರಿಸುವುದು ನಮ್ಮ ಪದ್ಧತಿ. ತಯಾರಿಯ ದಿನ ಮುದುಕಿಯೊಬ್ಬರು ಹತ್ತಿಯನ್ನು ನೋಡಿ, “ಒಂದೇ ಹನಿ ಎಂದೆಯಲ್ಲ, ಇದು ಮೂರನೆಯದು” ಎಂದರು. ನಮಗೆ ಪದ್ಧತಿ, ಅವರಿಗೆ ಮಾತು ತಪ್ಪಿದ್ದು. “ಮೂರು ನಾಲ್ಕು ಹನಿ ಬರುತ್ತದೆ, ಮೊದಲಿನವನ್ನು ಒರೆಸುತ್ತೇವೆ” ಎಂದು ತಿದ್ದಿ, ಆ ಒಂದು ಸಾಲನ್ನೂ ಸಮಿತಿಗೆ ತೋರಿಸಿದ ಮೇಲೆಯೇ ಬಳಸಿದೆವು.

ಓದಿ ಮುಗಿಸಿ “ಅರ್ಥವಾಯಿತೇ?” ಎಂದು ಕೇಳುವುದನ್ನು ಪೂರ್ತಿ ಬಿಟ್ಟೆವು. ಅದಕ್ಕೆ ಬರುವ ಉತ್ತರ “ಹೂಂ” ಒಂದೇ. ಅದು ಮನೆಗೆ ಬಂದವರಿಗೆ ತೋರಿಸುವ ಮರ್ಯಾದೆ, ಒಪ್ಪಿಗೆಯಲ್ಲ. ಬದಲಿಗೆ, “ನಾವು ಹೋದ ಮೇಲೆ ಹೊಲದಿಂದ ಬಂದ ಸೊಸೆ ಏನು ನಡೆಯಿತು ಎಂದು ಕೇಳಿದರೆ ಏನು ಹೇಳುತ್ತೀರಿ?” ಎಂದು ಕೇಳಿದೆವು. ಏನು ಮಾಡುತ್ತೇವೆ, ಔಷಧ ಕೊಡುತ್ತೇವೆಯೇ, ಬೇಡ ಎಂದರೆ ಏನಾಗುತ್ತದೆ, ಈ ಮೂರು ಅವರ ಬಾಯಿಂದಲೇ ಬರಬೇಕು. ಬಾರದಿದ್ದರೆ ಆ ಭಾಗವನ್ನು ಮತ್ತೆ ಓದುತ್ತಿದ್ದೆವು. ಎರಡನೆಯ ಬಾರಿಯೂ ಬಾರದಿದ್ದರೆ ಆ ದಿನ ಚುಚ್ಚುತ್ತಿರಲಿಲ್ಲ.

ನಾನು ಎಡವಿದ್ದು ಸಾಕ್ಷಿಯ ವಿಷಯದಲ್ಲಿ. ಸುಲಭವಾಗಿ ಸಿಗುತ್ತಾರೆ ಎಂದು ಒಂದು ಊರಿನಲ್ಲಿ ಆಶಾ ಕಾರ್ಯಕರ್ತೆಯನ್ನೇ ಸಾಕ್ಷಿ ಮಾಡಿಕೊಂಡೆ. ಅವರು ಓದುಬಲ್ಲರು, ಎಲ್ಲರಿಗೂ ಬೇಕಾದವರು. ತೊಂದರೆ ಇದ್ದದ್ದೇ ಅಲ್ಲಿ. ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವವರ ಎದುರು ಯಾರು ತಾನೇ ಬೇಡ ಎನ್ನುತ್ತಾರೆ? ಆ ಊರಿನಲ್ಲಿ ಒಬ್ಬರೂ ನಿರಾಕರಿಸಲಿಲ್ಲ, ನಾನು ಖುಷಿಪಟ್ಟೆ. ರಾತ್ರಿ ಪತ್ರಗಳನ್ನು ಜೋಡಿಸುವಾಗ ಬೆಳಿಗ್ಗೆ 10:40 ಎಂದೇ ಹೊತ್ತು ಬರೆದಿದ್ದ ಎರಡು ಬೇರೆ ಬೇರೆ ಮನೆಗಳ ಪತ್ರಗಳಲ್ಲಿ ಅವರದೇ ಸಹಿ ಕಂಡಿತು. ನಮ್ಮ ಇಬ್ಬರು ಹುಡುಗಿಯರು ಮಧ್ಯಾಹ್ನ ಊಟದ ಹೊತ್ತಿಗೆ ಕಟ್ಟು ಕಟ್ಟಾಗಿ ಸಹಿ ಹಾಕಿಸಿಕೊಂಡಿದ್ದರು. ಬಯ್ಯಬೇಕಾದದ್ದು ಅವರನ್ನಲ್ಲ. ಸಾಕ್ಷಿ ಮೊದಲಿನಿಂದ ಕೊನೆಯವರೆಗೆ ಕುಳಿತಿರಬೇಕು ಎಂದು ನಾನು ಒತ್ತಿ ಹೇಳಿರಲಿಲ್ಲ. ಅದನ್ನು ಸಮಿತಿಗೆ ವರದಿ ಮಾಡಿ, ಆ ಮನೆಗಳಿಗೆಲ್ಲ ಬೇರೆ ಸಾಕ್ಷಿಯೊಂದಿಗೆ ಮತ್ತೆ ಹೋದೆವು. ಕೆಲವರು ಈ ಸಲ ಬೇಡ ಎಂದರು. ಅವರ ಮಾಹಿತಿಯನ್ನು ಅಳಿಸಿದೆವು.

ಆಮೇಲೆ ಸಾಕ್ಷಿಗೆಂದೇ ಒಂದು ಚಿಕ್ಕ ಪುಟ ಮಾಡಿದೆ. ಕುಳಿತ ಹೊತ್ತು, ಎದ್ದ ಹೊತ್ತು, “ಪೂರ್ತಿ ಓದಿದರೇ?”, “ಒತ್ತಾಯ ಮಾಡಿದರೇ?”, “ಅವರೇ ಒಪ್ಪಿದರೇ?”. ಉತ್ತರವನ್ನು ಸಾಕ್ಷಿ ತಮ್ಮ ಕೈಯಾರೆ ಬರೆಯಬೇಕು. ಕುಳಿತದ್ದಕ್ಕೂ ಎದ್ದದ್ದಕ್ಕೂ ಎರಡೇ ನಿಮಿಷದ ಅಂತರವಿದ್ದರೆ ಪಠ್ಯವನ್ನು ನುಂಗಿದ್ದಾರೆ ಎಂದೇ ಅರ್ಥ, ಏಕೆಂದರೆ ನಿಧಾನವಾಗಿ ಓದಿದರೆ ಐದಾರು ನಿಮಿಷ ಬೇಕು. ಗಂಡನನ್ನು, ಅತ್ತೆಯನ್ನು, ಸಾಲ ಕೊಟ್ಟವರನ್ನು ಸಾಕ್ಷಿಯಾಗಿ ಕೂರಿಸುತ್ತಿರಲಿಲ್ಲ. ಪಿಯುಸಿ ಓದುವ ಪಕ್ಕದ ಓಣಿಯ ಹುಡುಗಿ, ನಿವೃತ್ತ ಮೇಷ್ಟ್ರು, ಅಂಚೆಯವರು ಒದಗಿದರು.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಸಾಕ್ಷಿ ಬೇಕಾದದ್ದು ಒಪ್ಪಿಗೆಗೆ, ಕಾಯಿಲೆಗಲ್ಲ. ಪುಟಕ್ಕೆ ಸಹಿ ಬಿದ್ದ ಕೂಡಲೇ ಅವರಿಗೆ ನಮಸ್ಕಾರ ಹೇಳಿ ಬೀಳ್ಕೊಟ್ಟು, ಆಮೇಲೆ ಮುಟ್ಟಿನ ಪ್ರಶ್ನೆ ಕೇಳುತ್ತಿದ್ದೆವು. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಚೀಟಿ ಬರೆದುಕೊಡುತ್ತಿದ್ದೆವು. ಆ ಚೀಟಿಯನ್ನೂ ಸಾಕ್ಷಿ ಹೋದ ಮೇಲೆಯೇ ಕೊಡುತ್ತಿದ್ದೆವು.

ಇಂಕ್ ಪ್ಯಾಡ್ ಕಂಡು ಕೈ ಎಳೆದುಕೊಂಡವಳ ಮನೆಗೆ ಒಂದೂವರೆ ತಿಂಗಳ ಮೇಲೆ ಮತ್ತೆ ಹೋದೆ. ಸಾಕ್ಷಿಯಾಗಿ ಅವಳೇ ಪಿಯುಸಿ ಹುಡುಗಿಯನ್ನು ಕೂಗಿ ಕರೆದಳು. ಪಠ್ಯ ಓದಿದೆ. ಸೊಸೆಗೆ ಏನು ಹೇಳುತ್ತೀರಿ ಎಂದೆ. “ಸೊಸೆ ಇಲ್ಲ, ಮಗನಿಗಿನ್ನೂ ಹತ್ತು ವರ್ಷ” ಎಂದು ನಕ್ಕಳು. ತಂಗಿಗೆ ಹೇಳುವಂತೆ ಎಲ್ಲವನ್ನೂ ಹೇಳಿದಳು, ಮೂರು ಹನಿಯನ್ನೂ ಬಿಡಲಿಲ್ಲ. ಆಮೇಲೆ ಹುಡುಗಿಯ ಕಡೆ ತಿರುಗಿ, “ನೀನು ಸಹಿ ಹಾಕುವ ಮೊದಲು ಅದರಲ್ಲಿ ಏನಿದೆ ಎಂದು ನನಗೆ ಓದಿ ಹೇಳು” ಎಂದಳು. ಹುಡುಗಿ ಹೊತ್ತು, ದಿನಾಂಕ, ಮೂರು ಪ್ರಶ್ನೆ, ಮೂರು ಉತ್ತರ ಎಲ್ಲವನ್ನೂ ಓದಿದಳು. “ಹೊಲದ ಸುದ್ದಿ ಇಲ್ಲವಲ್ಲ?” ಎಂದು ಕೇಳಿ, ಇಲ್ಲ ಎನಿಸಿಕೊಂಡ ಮೇಲೆ ಎಡಗೈಯ ಉಂಗುರ ಬೆರಳನ್ನು ಚಾಚಿದಳು.