ವರ್ಷದಿಂದ ಆರ್ಡರ್ ಕೊಡದ ಹೋಟೆಲಿಗೆ ನಾನು ಕಳಿಸಿದ ಮೆಸೇಜು

ಮುಂಬೈಯ ಚೆಂಬೂರಿನಲ್ಲಿ ನಮ್ಮದು ಕಾಫಿಪುಡಿ ವ್ಯಾಪಾರ. ಬೀಜ ಹುರಿದು, ಬೀಸಿ, ಚಿಕೋರಿ ಬೆರೆಸಿ ಉಡುಪಿ ಹೋಟೆಲುಗಳಿಗೆ ಕೊಡುತ್ತೇವೆ. ಈ ಧಂದೆಯಲ್ಲಿ ಯಾವ ಗಿರಾಕಿಯೂ ‘ನಾಳೆಯಿಂದ ಬೇಡ’ ಅಂತ ಹೇಳಿ ನಿಲ್ಲಿಸುವುದಿಲ್ಲ. ಆರ್ಡರ್ ತಡವಾಗುತ್ತದೆ, ಆಮೇಲೆ ಬರುವುದೇ ಇಲ್ಲ. ವರ್ಷ ಕಳೆದ ಮೇಲೆ ಫೋನ್ ಮಾಡಲು ನಮಗೂ ಮುಜುಗರ, ಎತ್ತಲು ಅವರಿಗೂ ಮುಜುಗರ.

ಥಾಣೆಯ ಒಂದು ಹೋಟೆಲಿನವರು ನಮ್ಮಿಂದ ತಿಂಗಳಿಗೆ 40 ಕಿಲೋ ತಗೊಳ್ಳುತ್ತಿದ್ದರು. 70 ಭಾಗ ಕಾಫಿ, 30 ಭಾಗ ಚಿಕೋರಿ. ಅವರ ಆರ್ಡರ್ ನಿಂತು ವರ್ಷವಾಗಿತ್ತು. ಫೋನ್ ಕೈಗೆತ್ತಿಕೊಳ್ಳುವ ಮೊದಲು ನಾನು ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದೆ. ಜಗಳವಾಗಿ ಬಿಟ್ಟವರ ಆರ್ಡರ್ ಒಮ್ಮೆಲೇ ನಿಲ್ಲುತ್ತದೆ. ಕೊನೆಯ ಬಿಲ್ಲಿನಲ್ಲಿ ಹಣ ಕಡಿತವೋ ವಾಪಸು ಬಂದ ಮಾಲೋ ಇರುತ್ತದೆ. ಇವರದು ಹಾಗಿರಲಿಲ್ಲ. 40 ಇದ್ದದ್ದು 25 ಆಗಿ, 15 ಆಗಿ, ಆಮೇಲೆ ನಿಂತಿತ್ತು. ಅಂದರೆ ಬೇರೆ ಕಡೆಯ ಪುಡಿಯನ್ನು ಪಕ್ಕದಲ್ಲಿಟ್ಟು ನೋಡುತ್ತಾ ಹೋಗಿದ್ದಾರೆ. ಕೊನೆಯ ಆರ್ಡರಿನ ಚೀಟಿಯಲ್ಲಿ ನಮ್ಮ ಹುಡುಗ ಬರೆದುಕೊಂಡಿದ್ದ: ‘ದಪ್ಪ ಪುಡಿ ಇದೆಯಾ ಕೇಳಿದರು.’

ನನಗೆ ಬೇಕಾದದ್ದು ಅಲ್ಲೇ ಸಿಕ್ಕಿತು. ಹೋಟೆಲಿನವರು ಹಳೆಯ ಫಿಲ್ಟರ್ ಬಿಟ್ಟು ಕರೆಂಟಿನ ಡಿಕಾಕ್ಷನ್ ಮಷೀನಿಗೆ ಹೋದರೆ ನುಣ್ಣನೆ ಪುಡಿ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ನೀರು ಇಳಿಯದೆ ಮೇಲೆ ನಿಲ್ಲುತ್ತದೆ, ಡಿಕಾಕ್ಷನ್ ಕಹಿಯಾಗುತ್ತದೆ. ಆಗ ನಾವು ಒಂದೇ ಹದದಲ್ಲಿ ಬೀಸುತ್ತಿದ್ದೆವು. ಈಗ ಎರಡು ಹದ ಮಾಡುತ್ತೇವೆ.

ಆಮೇಲೆ ವಿಚಾರಿಸಿದ್ದು, ಈಗ ಆರ್ಡರ್ ಕೊಡುವವರು ಯಾರು ಅಂತ. ಮುಂಬೈಯಲ್ಲಿ ಹೋಟೆಲು ಕಂಡಕ್ಟಿಂಗ್‌ಗೆ ಹೋಗಿರುವುದು ಮಾಮೂಲು. ಬೋರ್ಡು ಅದೇ, ನಡೆಸುವವರು ಬೇರೆ. ಹಾಗಾಗಿದ್ದರೆ ಅವರು ಹೊಸ ಗಿರಾಕಿ, ಹಳೆಯ ಸಂಬಂಧದ ಮಾತೆತ್ತಿದರೆ ಅವರಿಗೆ ಏನೂ ಅನಿಸುವುದಿಲ್ಲ. ಇಲ್ಲಿ ಹಳೆಯ ಶೆಟ್ಟರೇ ಇದ್ದರು. ಬಾಕಿಯೂ ಇರಲಿಲ್ಲ. ಬಾಕಿ ಇದ್ದಿದ್ದರೆ ಅದನ್ನು ಬೇರೆ ದಿನ ಬೇರೆಯಾಗಿಯೇ ಕೇಳುತ್ತಿದ್ದೆ. ಎರಡನ್ನೂ ಸೇರಿಸಿದರೆ ಅವರ ಕಣ್ಣಿಗೆ ವಸೂಲಿಯೊಂದೇ ಕಾಣುತ್ತದೆ.

ಮೆಸೇಜನ್ನು ಮಧ್ಯಾಹ್ನ ನಾಲ್ಕಕ್ಕೆ ಹತ್ತಿರ ಕಳಿಸಿದೆ. ಊಟದ ಗಲಾಟೆ ಮುಗಿದು, ಸಂಜೆ ತಿಂಡಿಯ ಗಲಾಟೆ ಶುರುವಾಗಿರದ ಹೊತ್ತು ಅದು.

‘ಶೆಟ್ರೇ, ನಮಸ್ಕಾರ. ನೀವು ಹಿಂದೆ ದಪ್ಪ ಪುಡಿ ಕೇಳಿದ್ದಿರಿ, ಆಗ ನಮ್ಮಲ್ಲಿ ಇರಲಿಲ್ಲ. ಈಗ ಮಷೀನಿಗೆ ಅಂತಲೇ ಬೇರೆ ಬೀಸುತ್ತಿದ್ದೇವೆ. ನಿಮ್ಮ ಹಳೇ 70:30ರಲ್ಲೇ ಅರ್ಧ ಕಿಲೋ ಕಳಿಸಲಾ, ಒಂದು ಬೆಳಗ್ಗೆ ಹಾಕಿ ನೋಡ್ತೀರಾ? ಈಗ ಬೇಡ ಅಂದ್ರೂ ಪರವಾಗಿಲ್ಲ.’

ಇಷ್ಟೇ. ‘ಏನ್ ಶೆಟ್ರೇ, ನಮ್ಮನ್ನ ಮರೆತೇಬಿಟ್ರಾ?’ ಅಂತ ನಾವೆಲ್ಲ ಸಲಿಗೆಯಿಂದ ಶುರುಮಾಡುತ್ತೇವೆ, ಅಲ್ವಾ? ಆದರೆ ಕೇಳಿಸಿಕೊಂಡವರು ಅಲ್ಲೇ ಏನೋ ಒಂದು ನೆಪ ಹೇಳಬೇಕಾಗುತ್ತದೆ. ನೆಪ ಹೇಳಿದ ಮೇಲೆ ಆರ್ಡರ್ ಕೊಡುವುದು ಇನ್ನೂ ಕಷ್ಟ. ‘ರೇಟು ಅಡ್ಜಸ್ಟ್ ಮಾಡೋಣ’ ಅಂತ ಮೊದಲೇ ಹೇಳುವುದೂ ಬೇಡ. ಇಷ್ಟು ದಿನ ನಾವು ಜಾಸ್ತಿ ದುಡ್ಡು ತಗೊಂಡಿದ್ದೇವೆ ಅಂತ ಅವರಿಗೆ ಅನ್ನಿಸುತ್ತದೆ. ನಿಲ್ಲಿಸಿದ್ದಕ್ಕೆ ಕಾರಣವನ್ನೂ ನಾನು ಕೇಳಲಿಲ್ಲ, ಅವರೇ ಹೇಳಿದರೆ ಕೇಳಿಸಿಕೊಳ್ಳುತ್ತೇನೆ.

ಮರುದಿನ ವಾಯ್ಸ್ ಮೆಸೇಜು ಬಂತು: ‘ಕಳಿಸಿ, ನೋಡುವ.’ ಪೊಟ್ಟಣದ ಮೇಲೆ ಬೀಸಿದ ತಾರೀಕು ಬರೆದು ಕಳಿಸಿದೆ. ಕಾಫಿ ಕೌಂಟರಿನ ಹುಡುಗನ ಜೊತೆ ಒಂದೆರಡು ನಿಮಿಷ ಮಾತಾಡಿ ಬಾ ಅಂತ ಡೆಲಿವರಿಯವನಿಗೆ ಹೇಳಿದೆ. ಪುಡಿ ಹೇಗಿದೆ ಅಂತ ಮಾಲೀಕರಿಗೆ ಹೇಳುವವನು ಆ ಹುಡುಗನೇ.

ಆಮೇಲೆ ಶೆಟ್ಟರು ಫೋನ್ ಮಾಡಿದರು. ನೀರು ಚೆನ್ನಾಗಿ ಇಳಿಯುತ್ತದೆ, ಆದರೆ ಬೇರೆಯವರು ಕಡಿಮೆ ರೇಟಿಗೆ ಕೊಡುತ್ತಾರೆ ಅಂದರು. ನಾನು ಆ ಬೇರೆಯವರನ್ನು ದೂರಲಿಲ್ಲ. ‘ಪ್ಯಾಕೆಟಿನ ಮೇಲೆ ಚಿಕೋರಿ ಎಷ್ಟು ಅಂತ ಬರೆದಿರ್ತದೆ, ನೋಡಿ’ ಅಂದೆ. ಬೆರಕೆ ಪುಡಿಯಲ್ಲಿ ಕಾಫಿ 51 ಭಾಗ ಇದ್ದರೂ ಕಾನೂನಿಗೆ ಸಾಕು. 55:45ರ ಪುಡಿ ಅಗ್ಗವೇ ಇರುತ್ತದೆ. 70:30ರ ಜೊತೆ ಅದರ ರೇಟು ಹೋಲಿಸುವಂತಿಲ್ಲ. ಅವರಿಗೆ 60:40 ಸಾಕಾದರೆ ಅದರ ರೇಟೂ ಕೊಡುತ್ತೇನೆ ಅಂದೆ. ಅವರು 70:30ರಲ್ಲೇ 10 ಕಿಲೋ ಹೇಳಿದರು.

ಆ 10 ಕಿಲೋವನ್ನು 40 ಮಾಡಿಸಲು ನಾನು ಒತ್ತಾಯ ಮಾಡಲಿಲ್ಲ. ರೇಟು ಆವತ್ತಿನದೇ ಹೇಳಿದೆ, ಉಧಾರಿ ಹಿಂದಿನ ಹಾಗೆಯೇ 15 ದಿನ. ಬೇರೆಯವರದನ್ನು ನಿಲ್ಲಿಸಿ ಅಂತಲೂ ಕೇಳಲಿಲ್ಲ. ಈಗ ಅವರು ಎರಡೂ ಕಡೆಯಿಂದ ತಗೊಳ್ಳುತ್ತಾರೆ, ನಮ್ಮದು ತಿಂಗಳಿಗೆ 20 ಕಿಲೋ ಹೋಗುತ್ತದೆ.

ಎಲ್ಲರೂ ಹೀಗೆ ಉತ್ತರ ಕೊಡುವುದಿಲ್ಲ. ನೀಲಿ ಟಿಕ್ ಬಂದು ಸುಮ್ನಿದ್ದರೆ ಪ್ರಶ್ನೆ ಚಿಹ್ನೆ ಕಳಿಸಿ ಕೆಣಕಬೇಡಿ. ಮುಂದೆ ರೇಟು ಬದಲಾದಾಗ ಆ ಸುದ್ದಿಯನ್ನು ಒಂದು ಸಲ ತಿಳಿಸುತ್ತೇನೆ. ಅದಕ್ಕೂ ಉತ್ತರ ಬಾರದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇನೆ, ಬಿಲ್ಲುಗಳನ್ನು ಮಾತ್ರ ಇಟ್ಟುಕೊಳ್ಳುತ್ತೇನೆ.