ನಮ್ಮ ತಂಡದ ಸೀಟುಗಳ ಲೆಕ್ಕ: ಯಾರಿಗೆ ಹಣ, ಯಾರಿಗೆ ಉಚಿತ

ನಮ್ಮದು ವೆಬ್‌ಸೈಟ್ ಮತ್ತು ಆ್ಯಪ್‌ಗಳನ್ನು ಮಾಡಿಕೊಡುವ ಸಣ್ಣ ಕಚೇರಿ. ಅಲ್ಲಿ ತಾಂತ್ರಿಕ ಕೆಲಸದ ಜೊತೆಗೆ ತಂತ್ರಾಂಶಗಳ ಚಂದಾ ನೋಡಿಕೊಳ್ಳುವ ಹೊಣೆಯೂ ನನ್ನದೇ. ಸೀಟು ಎಂದರೆ ಒಬ್ಬ ವ್ಯಕ್ತಿಯ ಒಂದು ಖಾತೆಗೆ ತಿಂಗಳಿಗೋ ವರ್ಷಕ್ಕೋ ಕಟ್ಟುವ ಬಾಡಿಗೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಯಾರ ಖಾತೆ ಎಣಿಕೆಗೆ ಬರುತ್ತದೆ, ಯಾರದು ಬರುವುದಿಲ್ಲ ಎಂಬ ನಿಯಮ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ರೀತಿ ಇರುತ್ತದೆ. ನಾನು ಅತಿ ಹೆಚ್ಚು ಗಮನ ಕೊಡಬೇಕಾಗಿ ಬಂದದ್ದು ತಂಡದ ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಹಬ್‌ನ ಟೀಮ್ ಪ್ಲಾನ್‌ಗೆ. ಅದರ ದರ ಒಬ್ಬರಿಗೆ ತಿಂಗಳಿಗೆ 4 ಡಾಲರ್.

ಹೊಸ ಕೆಲಸವೊಂದು ಶುರುವಾದಾಗ ನಮ್ಮ ಪಟ್ಟಿ ಹೀಗಿತ್ತು: ಕಚೇರಿಯವರು 9 ಮಂದಿ, ಗುತ್ತಿಗೆಯ ಮೇಲೆ ಕೋಡ್ ಬರೆಯುವವರು 2, ಕೋಡ್ ನೋಡಬೇಕೆಂದು ಕೇಳಿದ ಗ್ರಾಹಕರ ಪ್ರತಿನಿಧಿ ಒಬ್ಬರು, ಬಿಲ್ ಪಾವತಿಸುವ ಲೆಕ್ಕಿಗರು ಒಬ್ಬರು, ಇವರಲ್ಲದೆ ಸರ್ವರ್‌ಗೆ ಕೋಡ್ ಇಳಿಸಿಕೊಳ್ಳಲೆಂದು ಮಾಡಿದ್ದ ಒಂದು ಯಂತ್ರ ಖಾತೆ. ಗುತ್ತಿಗೆಯವರು ಸಂಸ್ಥೆಯ ಸದಸ್ಯರಲ್ಲದ ಹೊರಗಿನ ಸಹಭಾಗಿಗಳಾದ್ದರಿಂದ ಅವರಿಗೆ ಹಣವಿಲ್ಲ ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಗಿಟ್‌ಹಬ್‌ನಲ್ಲಿ ಹಾಗಿಲ್ಲ. ರೆಪೊಸಿಟರಿ ಎಂದರೆ ಒಂದು ಕೆಲಸದ ಕೋಡ್ ಇರುವ ಸಂಗ್ರಹ; ಖಾಸಗಿ ರೆಪೊಸಿಟರಿಯೊಂದಕ್ಕೆ ಪ್ರವೇಶ ಪಡೆದ ಹೊರಗಿನವರೂ ಒಂದು ಸೀಟನ್ನು ತೆಗೆದುಕೊಳ್ಳುತ್ತಾರೆ. ಒಬ್ಬರೇ ಮೂರು ರೆಪೊಸಿಟರಿಗಳಲ್ಲಿ ಕೆಲಸ ಮಾಡಿದರೂ ಸೀಟು ಒಂದೇ. ಸಾರ್ವಜನಿಕ ರೆಪೊಸಿಟರಿಯಲ್ಲಷ್ಟೇ ಇದ್ದರೆ ಸೀಟು ಬೇಕಾಗುವುದಿಲ್ಲ. ಗ್ರಾಹಕರ ಪ್ರತಿನಿಧಿಗೆ ಓದುವ ಅನುಮತಿ ಮಾತ್ರ ಕೊಟ್ಟರೂ ಲೆಕ್ಕ ಬದಲಾಗದು, ಏಕೆಂದರೆ ಇಲ್ಲಿ ಎಣಿಸುವುದು ಒಳಗೆ ಬಂದವರನ್ನೇ ಹೊರತು ತಿದ್ದುವವರನ್ನಲ್ಲ. ಯಂತ್ರ ಖಾತೆಯೂ ಖಾತೆಯೇ. ಉಚಿತವಾಗಿ ಉಳಿದವರು ಲೆಕ್ಕಿಗರು ಮಾತ್ರ. ಅವರನ್ನು ಸದಸ್ಯರನ್ನಾಗಿ ಮಾಡದೆ Billing manager ಎಂಬ ಪಾತ್ರ ಕೊಟ್ಟರೆ ಬಿಲ್ ಮತ್ತು ಪಾವತಿಯ ಪುಟಗಳು ಅವರಿಗೆ ಸಿಗುತ್ತವೆ, ಸೀಟು ಬೇಕಿಲ್ಲ. ಹೀಗೆ 13 ಸೀಟು, ತಿಂಗಳಿಗೆ 52 ಡಾಲರ್.

ಇದರಲ್ಲಿ ಎರಡನ್ನು ಇಳಿಸಿದೆ. ಸರ್ವರ್‌ಗೆ ಬೇಕಾಗಿದ್ದುದು ಒಂದೇ ರೆಪೊಸಿಟರಿಯನ್ನು ಓದುವ ಅನುಮತಿ. ಅದಕ್ಕೆ ಆ ರೆಪೊಸಿಟರಿಗೇ ಅಂಟಿಕೊಂಡಿರುವ Deploy key ಎಂಬ ಪ್ರವೇಶದ ಕೀಲಿ ಸಾಕಾಯಿತು. ಅದು ಯಾವ ವ್ಯಕ್ತಿಯ ಹೆಸರಿಗೂ ಸೇರದ ಕಾರಣ ಸೀಟಿನ ಪ್ರಶ್ನೆಯೇ ಬರುವುದಿಲ್ಲ. ಗ್ರಾಹಕರ ಪ್ರತಿನಿಧಿಯೊಡನೆ ಮಾತನಾಡಿದಾಗ ಅವರಿಗೆ ಬೇಕಿದ್ದುದು ಕೆಲಸದ ಪ್ರಗತಿಯೇ ಹೊರತು ಕೋಡ್ ಅಲ್ಲವೆಂದು ತಿಳಿಯಿತು, ಹಾಗಾಗಿ ಪರೀಕ್ಷಾ ಸೈಟಿನ ವಿಳಾಸ ಕೊಟ್ಟೆವು. ಗುತ್ತಿಗೆಯ ಇಬ್ಬರೂ ಒಂದೇ ಲಾಗಿನ್ ಬಳಸಲಿ ಎಂಬ ಸಲಹೆ ಕಚೇರಿಯಲ್ಲಿ ಬಂದಿತ್ತು, ಅದನ್ನು ನಾನು ಒಪ್ಪಲಿಲ್ಲ. ಒಂದು ಲಾಗಿನ್ ಒಬ್ಬರಿಗಷ್ಟೇ ಎಂಬುದು ಗಿಟ್‌ಹಬ್‌ನ ನಿಬಂಧನೆ. ಮೇಲಾಗಿ ಯಾವ ಬದಲಾವಣೆಗೆ ಯಾರು ಒಪ್ಪಿಗೆ ಕೊಟ್ಟರೆಂಬ ದಾಖಲೆಯೇ ಹಾಳಾಗುತ್ತದೆ. 4 ಡಾಲರ್ ಉಳಿತಾಯಕ್ಕೆ ಅದು ದುಬಾರಿ ಬೆಲೆ.

ಜನರನ್ನು ತೆಗೆದರೆ ಬಿಲ್ ತಾನಾಗಿ ಇಳಿಯುತ್ತದೆ ಎಂದು ಕಾಯಬಾರದು. ಸೀಟು ಲೆಕ್ಕದ ಚಂದಾದಲ್ಲಿ ವ್ಯಕ್ತಿಯನ್ನು ಹೊರಗೆ ಕಳಿಸುವುದು ಒಂದು ಕೆಲಸ, ಖರೀದಿಸಿದ ಸೀಟಿನ ಸಂಖ್ಯೆಯನ್ನು ತಗ್ಗಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟರೆ ಖಾಲಿ ಸೀಟಿಗೂ ಹಣ ಹೋಗುತ್ತಲೇ ಇರುತ್ತದೆ. ಸಂಸ್ಥೆಯ ಬಿಲ್ಲಿಂಗ್ ಪುಟದಲ್ಲಿ ಖರೀದಿಸಿದ ಸೀಟು ಎಷ್ಟು, ಬಳಕೆಯಲ್ಲಿರುವುದು ಎಷ್ಟು ಎಂದು ಎರಡೂ ಕಾಣುತ್ತವೆ. ವ್ಯತ್ಯಾಸವಿದ್ದರೆ ಅಲ್ಲೇ ತಗ್ಗಿಸಬೇಕು, ಅದು ಜಾರಿಗೆ ಬರುವುದು ಆಗಿನ ಬಿಲ್ಲಿನ ಅವಧಿ ಮುಗಿದ ಮೇಲೆ. ಇನ್ನೂ ಸ್ವೀಕರಿಸದ ಆಹ್ವಾನಗಳೂ ಸೀಟು ಹಿಡಿದಿರುತ್ತವೆ, ಆದ್ದರಿಂದ People ಪುಟದಲ್ಲಿ ಬಾಕಿ ಆಹ್ವಾನಗಳ ಪಟ್ಟಿಯನ್ನೂ ನೋಡುವುದು ಅಗತ್ಯ. ಅಲ್ಲಿಂದ 11 ಸೀಟು, 44 ಡಾಲರ್.

ಇದೇ ಲೆಕ್ಕವನ್ನು ಬೇರೆ ತಂತ್ರಾಂಶಕ್ಕೆ ಹಾಗೆಯೇ ಹಚ್ಚಲಾಗದು. ಫಿಗ್ಮಾದಲ್ಲಿ ವಿನ್ಯಾಸವನ್ನು ನೋಡಿ ಅಭಿಪ್ರಾಯ ಬರೆಯುವವರಿಗೆ View ಸೀಟು ಉಚಿತ, ತಿದ್ದುವವರಿಗೆ ಹಣ; ಆದುದರಿಂದ ಗ್ರಾಹಕರು ಅಲ್ಲಿ ನಿರಾತಂಕವಾಗಿ ಇದ್ದಾರೆ. ತಂಡದ ಮಾತುಕತೆಗೆ ಬಳಸುವ ಸ್ಲ್ಯಾಕ್‌ನ ಪಾವತಿ ಪ್ಲಾನ್‌ಗಳಲ್ಲಿ ಅತಿಥಿಯ ಬೆಲೆ ನಿರ್ಧಾರವಾಗುವುದು ಚಾನೆಲ್‌ಗಳ ಸಂಖ್ಯೆಯಿಂದ: ಒಂದೇ ಚಾನೆಲ್‌ನ ಅತಿಥಿಗೆ ಹಣವಿಲ್ಲ, ಹಣ ಕಟ್ಟುವ ಒಬ್ಬ ಸದಸ್ಯನಿಗೆ ಅಂಥ ಐವರವರೆಗೆ ಅವಕಾಶವಿದೆ, ಆದರೆ ಅದೇ ಅತಿಥಿಗೆ ಎರಡನೆಯ ಚಾನೆಲ್ ಬೇಕೆಂದು ಪಾತ್ರ ಬದಲಿಸಿದರೆ ಪೂರ್ಣ ಸದಸ್ಯರ ದರವೇ ಬೀಳುತ್ತದೆ. ಹಾಗಾಗಿ ವಿನ್ಯಾಸಕ್ಕೊಂದು, ಬಿಲ್ಲಿಗೊಂದು ಎಂದು ಬೇರೆ ಮಾಡದೆ ನಾವು ಪ್ರತಿ ಗ್ರಾಹಕರಿಗೂ ಒಂದೇ ಚಾನೆಲ್ ಇಟ್ಟುಕೊಂಡಿದ್ದೇವೆ. ಮಾತುಗಳು ಸ್ವಲ್ಪ ಕಲಸುಮೇಲೋಗರವಾಗುತ್ತವೆ ನಿಜ. ಅತಿಥಿ ಖಾತೆ ತೆರೆಯುವಾಗಲೇ ಅದು ಮುಗಿಯುವ ದಿನಾಂಕವನ್ನೂ ಹಾಕಲು ಅಲ್ಲಿ ಅವಕಾಶವಿದ್ದು, ಒಪ್ಪಂದದ ಕೊನೆಯ ದಿನವನ್ನೇ ನಾನು ಅಲ್ಲಿ ನಮೂದಿಸುತ್ತೇನೆ.