ಮಕ್ಕಳ ಟೂತ್‌ಪೇಸ್ಟ್: ಅಕ್ಕಿಕಾಳಷ್ಟೋ, ಬಟಾಣಿಕಾಳಷ್ಟೋ?

ಅಮೆರಿಕದ ಅಂಗಡಿಗಳಲ್ಲಿ ಮಕ್ಕಳ ಪೇಸ್ಟ್ ಎರಡು ಬಗೆಯವು. ಒಂದು, ನುಂಗಿದರೂ ತೊಂದರೆಯಿಲ್ಲ ಎಂದು ಬರೆದಿರುವ 'ಟ್ರೈನಿಂಗ್' ಪೇಸ್ಟ್. ಅದರಲ್ಲಿ ಫ್ಲೋರೈಡ್ ಇರುವುದಿಲ್ಲ. ಹಲ್ಲು ಹುಳುಕಾಗದಂತೆ ತಡೆಯುವುದೇ ಫ್ಲೋರೈಡ್, ಹಾಗಾಗಿ ಇದು ಸಾಲದು. ಇನ್ನೊಂದರ ಹಿಂಬದಿಯಲ್ಲಿ ಸೋಡಿಯಂ ಫ್ಲೋರೈಡ್ 0.24% ಎಂದಿರುತ್ತದೆ. ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಸುಮಾರು 1.1 ಮಿಲಿಗ್ರಾಂ ಫ್ಲೋರೈಡ್. ಇಲ್ಲಿ ದೊಡ್ಡವರ ಪೇಸ್ಟಿನಲ್ಲೂ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ವಯಸ್ಸಿಗೆ ತಕ್ಕಂತೆ ಬದಲಾಗಬೇಕಾದದ್ದು ನಾವು ಹಚ್ಚುವ ಅಳತೆ.

ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಫ್ಲೋರೈಡ್ ಅಂದರೆ ಭಯ. ಬೋರ್‌ವೆಲ್ ನೀರಿನಿಂದ ಹಲ್ಲು ಕಂದಾದದ್ದನ್ನು ಕಂಡವರು ಅವರು. ಆ ಕಲೆ ಬರುವುದು ಒಸಡಿನೊಳಗೆ ಹಲ್ಲು ಬೆಳೆಯುತ್ತಿರುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ, ಹೊಟ್ಟೆಗೆ ಹೋದ ಫ್ಲೋರೈಡಿನಿಂದ. ಹಲ್ಲಿನ ಮೇಲೆ ಹಚ್ಚಿ ಉಗುಳಿದ್ದರಿಂದ ಅಲ್ಲ.

ಮೊದಲ ಹಲ್ಲು ಮೂಡಿದಾಗಿನಿಂದ ಮೂರು ವರ್ಷ ತುಂಬುವವರೆಗೆ ಅಕ್ಕಿಕಾಳಷ್ಟು, ಮೂರರಿಂದ ಆರರವರೆಗೆ ಬಟಾಣಿಕಾಳಷ್ಟು, ದಿನಕ್ಕೆ ಎರಡು ಸಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2014ರಿಂದ ಹೇಳುತ್ತಿರುವ ಅಳತೆ ಇದು. ಡಬ್ಬದ ಮೇಲೆ ಮಾತ್ರ 'ಎರಡು ವರ್ಷದೊಳಗಿನವರಿಗೆ ವೈದ್ಯರನ್ನು ಕೇಳಿ' ಎಂದಿರುತ್ತದೆ. ಅದನ್ನು ನೋಡಿ ಪೇಸ್ಟ್ ಬಿಟ್ಟುಬಿಡಬೇಡಿ, ಮಗುವಿನ ಡಾಕ್ಟರನ್ನೇ ಕೇಳಿಬಿಡಿ.

ನಾಲ್ಕು ವರ್ಷದ ಮಗುವಿನ ಲೆಕ್ಕ ನೋಡೋಣ. ಬಟಾಣಿಕಾಳಷ್ಟು ಅಂದರೆ ಕಾಲು ಗ್ರಾಂ. ಎರಡು ಸಲದ್ದನ್ನೂ ಪೂರ್ತಿ ನುಂಗಿದರೂ ಸುಮಾರು 0.55 ಮಿಲಿಗ್ರಾಂ. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ತುಂಬ ಹಾಕಿದರೆ ಒಂದು ಗ್ರಾಂ ಆಗುತ್ತದೆ, ಎರಡು ಸಲಕ್ಕೆ 2.2 ಮಿಲಿಗ್ರಾಂ. ನಾಲ್ಕರಿಂದ ಎಂಟು ವರ್ಷದವರಿಗೆ ಇಡೀ ದಿನಕ್ಕೆ ಇಲ್ಲಿ ಇಟ್ಟಿರುವ ಮೇಲಿನ ಮಿತಿಯೇ ಅಷ್ಟು. ಕುಡಿಯುವ ನೀರಿನದ್ದು ಬೇರೆ ಸೇರುತ್ತದೆ, ಅಲ್ವಾ? ಬಾವಿ ನೀರಿನ ಮನೆಗೆ ಬಂದಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ.

ಪೇಸ್ಟನ್ನು ದೊಡ್ಡವರೇ ಹಾಕಿ, ಬೆರಳಿನಿಂದ ಬ್ರಷ್ಷಿನ ಕೂದಲೊಳಗೆ ಒತ್ತಿಬಿಡಿ. ಮೇಲೆ ಗುಡ್ಡೆಯಾಗಿದ್ದರೆ ಮಗು ಮೊದಲು ಅದನ್ನೇ ಚೀಪುತ್ತದೆ. ಬಬಲ್‌ಗಮ್ ರುಚಿಯದನ್ನು ತಿಂಡಿಯಂತೆ ತಿನ್ನುವ ಮಗುವಿಗೆ ಸಪ್ಪೆ ಪುದೀನಾ ರುಚಿಯದು ವಾಸಿ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ ಉಜ್ಜಿಸಿದರೆ ನೊರೆ ಗಂಟಲಿಗೆ ಇಳಿಯದೆ ಸಿಂಕಿಗೆ ಬೀಳುತ್ತದೆ. ಎರಡು ವರ್ಷದ ಕೂಸಿಗೆ ಉಗುಳಲು ಬರುವುದಿಲ್ಲ. ಅದಕ್ಕೇ ಅಕ್ಕಿಕಾಳಿನ ಅಳತೆ, ಅಷ್ಟು ನುಂಗಿದರೆ ಗಾಬರಿ ಬೇಡ. ಮೂರರ ಹೊತ್ತಿಗೆ ಬರೀ ನೀರಿನಲ್ಲಿ ಉಗುಳುವ ಆಟ ಆಡಿಸಿ ಕಲಿಸಬಹುದು. ಉಗುಳಿದ ಮೇಲೆ ಸುಮ್ನೆ ಮತ್ತೆ ಮತ್ತೆ ಬಾಯಿ ಮುಕ್ಕಳಿಸಬೇಡಿ, ಹಲ್ಲಿಗೆ ಅಂಟಿದ ಫ್ಲೋರೈಡ್ ತೊಳೆದುಹೋಗುತ್ತದೆ.

ಟ್ಯೂಬನ್ನು ಕೈಗೆ ಎಟುಕದ ಕಡೆ ಇಡಿ. ಮಗು ಟ್ಯೂಬಿನಿಂದಲೇ ಜಾಸ್ತಿ ತಿಂದಿದ್ದರೆ ಹಾಲು ಅಥವಾ ಮೊಸರು ಕೊಡಿ, ವಾಂತಿ ಮಾಡಿಸಬೇಡಿ. ಎಷ್ಟು ಖಾಲಿಯಾಗಿದೆ ನೋಡಿಕೊಂಡು, ಮಗುವಿನ ತೂಕ ಹೇಳಿ, ಪಾಯ್ಸನ್ ಕಂಟ್ರೋಲಿಗೆ ಫೋನ್ ಮಾಡಿ: 1-800-222-1222. ಹಗಲು ರಾತ್ರಿ ಯಾವಾಗಲೂ ಉಚಿತ.